ಇದ್ದದ್ದು ಒಂದು, ಓದಿದ್ದು ಇನ್ನೊಂದು

ಹುಡುಗಿಗೆ ಸುಮಾ ಎಂದು ಹೆಸರಿಡೋಣ. ಮೈಸೂರಿನ ಒಂದು ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದುತ್ತಾಳೆ. ಗಣಿತದ ಕಿರುಪರೀಕ್ಷೆಯಲ್ಲಿ ಅವಳಿಗೆ 20ಕ್ಕೆ 11 ಅಂಕ ಬಂದಿತ್ತು. ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ‘ಗಮನ ಸಾಲದು’ ಎಂದು ಬರೆದಿದ್ದರು. ಅಮ್ಮ ಟ್ಯೂಷನ್ ಹುಡುಕಲು ಶುರುಮಾಡಿದರು. ಸುಮಾ ಮಾತ್ರ ಮೂಲೆಯಲ್ಲಿ ಕೂತು, ‘ಇವೆಲ್ಲ ನನಗೆ ಬರ್ತಿತ್ತು’ ಎಂದು ಅಳುತ್ತಿದ್ದಳು.

ಆ ಮಾತು ಅವಳ ತಾತನ ಕಿವಿಗೆ ಬಿತ್ತು. ತಾತ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡಚ್ಚು ತಿದ್ದಿದವರು. ಬರುವುದನ್ನೇ ತಪ್ಪು ಮಾಡುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ವ್ಯಾಕರಣ ಅರಗಿಸಿಕೊಂಡ ಪಂಡಿತರು ಬರೆದ ಪುಸ್ತಕದಲ್ಲೂ ಅಚ್ಚಿನ ತಪ್ಪು ಉಳಿಯುತ್ತದೆ. ಬರೆದವರು ತಮ್ಮ ಕರಡನ್ನು ತಾವೇ ನೋಡುವಾಗ, ಹಾಳೆಯ ಮೇಲೆ ಇರುವುದನ್ನು ಬಿಟ್ಟು ಮನಸ್ಸಿನಲ್ಲಿ ಇರುವುದನ್ನೇ ಓದಿಬಿಡುತ್ತಾರೆ.

‘ಪುಟ್ಟಿ, ಉತ್ತರಪತ್ರಿಕೆ ಬೇಡ. ಪ್ರಶ್ನೆಪತ್ರಿಕೆ ಮಾತ್ರ ತಗೊಂಡು ಬಾ’ ಎಂದರು ತಾತ. ಒಂದು ಹಳೆಯ ಪೋಸ್ಟ್‌ಕಾರ್ಡನ್ನು ಮೊದಲ ಸಾಲಿನ ಕೆಳಗೆ ಇಟ್ಟು, ಕೆಳಗಿನದೆಲ್ಲ ಮುಚ್ಚಿದರು. ‘ಗಟ್ಟಿಯಾಗಿ ಓದು. ನಾನು ಕೇಳಿಸಿಕೊಳ್ತೀನಿ.’

ಪ್ರೆಸ್ಸಿನಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟಿರುತ್ತಾರೆ. ಅದೇ ಪದ್ಧತಿ ಈಗ ನಡುಮನೆಗೆ ಬಂತು.

ಮೊದಲ ತಪ್ಪು ಒಂದು ಅಂಕದ್ದು. 29, 37, 51, 53 ಇವುಗಳಲ್ಲಿ ಅವಿಭಾಜ್ಯ ಸಂಖ್ಯೆ ಅಲ್ಲದ್ದು ಯಾವುದು? ಪರೀಕ್ಷೆಯಲ್ಲಿ ಸುಮಾ 29 ಎಂದು ಬರೆದಿದ್ದಳು. ಈಗ ಓದುತ್ತ ‘ಅಲ್ಲದ್ದು’ ಎಂಬಲ್ಲಿಗೆ ಬಂದವಳು ತಟ್ಟನೆ ನಿಂತಳು. ‘51. ಮೂರು ಹದಿನೇಳಲ ಐವತ್ತೊಂದು.’

ಎರಡನೆಯದು ಎರಡು ಅಂಕದ್ದು. 18ರ ಮೊದಲ ನಾಲ್ಕು ಅಪವರ್ತ್ಯಗಳನ್ನು ಬರೆಯಿರಿ. ಅವಳು ಬರೆದದ್ದು 1, 2, 3, 6. ಇವು 18ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಅಂದರೆ ಅಪವರ್ತನಗಳು. ಅಪವರ್ತ್ಯ ಎಂದರೆ 18ರ ಮಗ್ಗಿಯಲ್ಲಿ ಬರುವ 18, 36, 54, 72. ಎರಡೂ ಪದಗಳ ಮೊದಲ ಮೂರು ಅಕ್ಷರ ಒಂದೇ. ಅವಳ ಕಣ್ಣು ‘ಅಪವ’ ಎಂಬಲ್ಲಿಗೆ ಬಂದು, ಉಳಿದದ್ದನ್ನು ತಾನೇ ತುಂಬಿಕೊಂಡಿತ್ತು.

ಮೂರನೆಯದು ಮೂರು ಅಂಕದ್ದು. ವೃತ್ತವೊಂದರ ವ್ಯಾಸ 14 ಸೆಂ.ಮೀ. ಆದರೆ ಅದರ ವಿಸ್ತೀರ್ಣ ಎಷ್ಟು? ಸುಮಾ 22/7 × 14 × 14 ಎಂದು ಹಾಕಿ 616 ಚ.ಸೆಂ.ಮೀ. ತಂದಿದ್ದಳು. ಸೂತ್ರ ಸರಿ, ಗುಣಾಕಾರವೂ ಸರಿ. ಆದರೆ ಸೂತ್ರಕ್ಕೆ ಬೇಕಾದದ್ದು ತ್ರಿಜ್ಯ, ಪ್ರಶ್ನೆ ಕೊಟ್ಟದ್ದು ವ್ಯಾಸ. ತ್ರಿಜ್ಯ 7, ವಿಸ್ತೀರ್ಣ 154. ತರಗತಿಯಲ್ಲಿ ಆ ವಾರವೆಲ್ಲ ತ್ರಿಜ್ಯ ಕೊಟ್ಟ ಲೆಕ್ಕಗಳನ್ನೇ ಮಾಡಿದ್ದರು. ಹಾಗಾಗಿ ಅವಳು 14 ಎಂಬ ಅಂಕಿಯನ್ನು ನೋಡಿದಳು, ಅದರ ಹಿಂದಿನ ಪದವನ್ನು ನೋಡಲಿಲ್ಲ.

ನಾಲ್ಕನೆಯದೂ ಮೂರು ಅಂಕದ್ದು. 500 ರೂಪಾಯಿಯ ಚೀಲದ ಬೆಲೆ 400 ರೂಪಾಯಿಗೆ ಇಳಿಯಿತು, ಇಳಿಕೆ ಶೇಕಡಾ ಎಷ್ಟು? ಅವಳ ಉತ್ತರ ಶೇ 80. ‘400 ರೂಪಾಯಿ ಇಳಿಯಿತು’ ಎಂದಿದ್ದರೆ ಅದೇ ಸರಿಯುತ್ತರ. ಇದ್ದದ್ದು ‘ರೂಪಾಯಿಗೆ’. ಇಳಿದದ್ದು 100 ರೂಪಾಯಿ, ಅಂದರೆ ಶೇ 20.

ನಾಲ್ಕು ಪ್ರಶ್ನೆ, ಒಂಬತ್ತು ಅಂಕ. ಒಂದೊಂದು ಕಡೆಯೂ ಅವಳು ಎಡವಿದ್ದು ಒಂದೇ ಪದದಲ್ಲಿ. ಒಂದು ಕಡೆಯಂತೂ ‘ಗೆ’ ಎಂಬ ಒಂದೇ ಅಕ್ಷರದಲ್ಲಿ. ಸುಮಾ ಕಣ್ಣೊರೆಸಿಕೊಂಡು ಕೇಳಿದಳು: ‘ತಾತ, ನಾನು ಓದಿದ್ದೆ ಅಲ್ವಾ? ಓದದೆ ಹೇಗೆ ಬರೀತಿದ್ದೆ?’

ಈ ಪ್ರಶ್ನೆಗೆ ಉತ್ತರ ಕಣ್ಣಿನ ನಡಿಗೆಯಲ್ಲಿದೆ. ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. 19ನೇ ಶತಮಾನದಲ್ಲೇ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ ಇದನ್ನು ಗಮನಿಸಿದ್ದರು. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುವುದು, ಮುಂದಕ್ಕೆ ಹಾರುವುದು, ಮತ್ತೆ ನಿಲ್ಲುವುದು. ಹಾರುವ ಹೊತ್ತಿನಲ್ಲಿ ಕಣ್ಣಿಗೆ ಹೊಸದೇನೂ ಕಾಣುವುದಿಲ್ಲ. ನಿಂತಾಗಲೂ ನಿಚ್ಚಳವಾಗಿ ಕಾಣುವುದು ಕೆಲವೇ ಅಕ್ಷರ. ಉಳಿದದ್ದನ್ನು ಮಿದುಳು ಸುತ್ತಲಿನ ಪದಗಳಿಂದಲೂ ಹಿಂದಿನ ರೂಢಿಯಿಂದಲೂ ಊಹಿಸಿ ತುಂಬುತ್ತದೆ. ಈ ಊಹೆ ಇಲ್ಲದಿದ್ದರೆ ಪತ್ರಿಕೆಯ ಒಂದು ಪುಟ ಓದಲು ನಮಗೆ ಅರ್ಧ ದಿನ ಬೇಕಾಗುತ್ತಿತ್ತು. ಕಥೆ ಓದುವಾಗ ಕೈಹಿಡಿಯುವ ಈ ಊಹೆಯೇ ಪರೀಕ್ಷೆಯಲ್ಲಿ ಕೈಕೊಡುತ್ತದೆ. ಕಥೆಯಲ್ಲಿ ಒಂದು ಪದ ತಪ್ಪಿದರೆ ಮುಂದಿನ ವಾಕ್ಯ ತಿದ್ದುತ್ತದೆ. ಎರಡು ಸಾಲಿನ ಲೆಕ್ಕದಲ್ಲಿ ತಿದ್ದಲು ಮುಂದೆ ವಾಕ್ಯವೇ ಇರುವುದಿಲ್ಲ.

ಬೇಕಿದ್ದರೆ ನಿಮ್ಮ ಮನೆಯಲ್ಲೇ ಯಾರನ್ನಾದರೂ ಕೇಳಿ ನೋಡಿ: ಭೀಮನ ಸಾರಥಿಯಾಗಿ ಕೃಷ್ಣ ಕುರುಕ್ಷೇತ್ರದಲ್ಲಿ ಎಷ್ಟು ದಿನ ರಥ ನಡೆಸಿದ? ‘ಹದಿನೆಂಟು’ ಎಂದು ಥಟ್ಟನೆ ಹೇಳುವವರು ಸಿಗುತ್ತಾರೆ. ಕೃಷ್ಣ ಅರ್ಜುನನ ಸಾರಥಿ ಎಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಭೀಮ ಎಂಬ ಹೆಸರು ಆ ಜಾಗಕ್ಕೆ ಒಗ್ಗುತ್ತದೆ, ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎರಿಕ್ಸನ್ ಮತ್ತು ಮ್ಯಾಟ್ಸನ್ 1981ರಲ್ಲಿ ಇಂಥದೇ ಪ್ರಯೋಗ ಮಾಡಿದ್ದರು. ಮೋಸೆಸ್ ತನ್ನ ನಾವೆಗೆ ಪ್ರತಿಯೊಂದು ಜಾತಿಯ ಎಷ್ಟು ಪ್ರಾಣಿಗಳನ್ನು ಹತ್ತಿಸಿಕೊಂಡ ಎಂದು ಕೇಳಿದಾಗ ಹೆಚ್ಚಿನವರು ಎರಡು ಎಂದರು. ಬೈಬಲ್ಲಿನ ಕಥೆಯಲ್ಲಿ ನಾವೆ ಕಟ್ಟಿದವನು ನೋಹ ಎಂಬುದು ಅವರಿಗೆ ತಿಳಿದೇ ಇತ್ತು. ಹತ್ತಿರದ ಪದ ಬಂದಾಗಲೇ ನಾವು ಹೆಚ್ಚು ಮೋಸ ಹೋಗುತ್ತೇವೆ. ಅಪವರ್ತನದ ಜಾಗದಲ್ಲಿ ಅಪವರ್ತ್ಯ, ತ್ರಿಜ್ಯದ ಜಾಗದಲ್ಲಿ ವ್ಯಾಸ ನುಸುಳುವುದು ಹೀಗೆಯೇ.

ಕನ್ನಡದಲ್ಲಿ ಓದುವ ಮಕ್ಕಳಿಗೆ ಇನ್ನೂ ಎರಡು ಎಚ್ಚರ ಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಜೊತೆ ‘ಅಲ್ಲ’, ‘ಇಲ್ಲ’, ‘ಹೊಂದದ’ ಇವೂ ಕೊನೆಯಲ್ಲೇ ಬರುತ್ತವೆ. ಅರ್ಧ ಓದಿ ಪೆನ್ನು ಎತ್ತಿದವರು ಇಡೀ ಪ್ರಶ್ನೆಯನ್ನು ತಲೆಕೆಳಗು ಮಾಡುವ ಪದವನ್ನೇ ಬಿಟ್ಟಿರುತ್ತಾರೆ. ಎರಡನೆಯದು ವಿಭಕ್ತಿ. ‘12ರಿಂದ 7ನ್ನು ಕಳೆಯಿರಿ’ ಮತ್ತು ‘12ನ್ನು 7ರಿಂದ ಕಳೆಯಿರಿ’ ಎಂಬಲ್ಲಿ ಅಂಕಿಗಳ ಸಾಲು ಒಂದೇ, ಉತ್ತರ ಒಂದು ಕಡೆ 5, ಇನ್ನೊಂದು ಕಡೆ −5. ಯಾವುದರಿಂದ ಯಾವುದನ್ನು ಎಂಬುದು ಬಾಲಕ್ಕೆ ಅಂಟಿದ ‘ರಿಂದ’, ‘ನ್ನು’ಗಳಲ್ಲಿದೆ. ಅಂಕಿಯಿಂದ ಅಂಕಿಗೆ ಹಾರುವ ಕಣ್ಣಿಗೆ ಬಾಲ ಕಾಣುವುದಿಲ್ಲ. ಬಾಯಿ ಮಾತ್ರ ಬಾಲವನ್ನು ಉಚ್ಚರಿಸದೆ ಮುಂದೆ ಹೋಗಲಾರದು. ಗಟ್ಟಿಯಾಗಿ ಓದಿದಾಗ ಸುಮಾಳ ತಪ್ಪು ಸಿಕ್ಕಿದ್ದು ಅದಕ್ಕೇ.

ಹಾಗಾದರೆ ಎಲ್ಲ ಮಕ್ಕಳ ತಪ್ಪಿಗೂ ಅವಸರವೇ ಕಾರಣವೇ? ಅಲ್ಲ. ಅದನ್ನು ಬೇರ್ಪಡಿಸಿ ನೋಡುವ ಕ್ರಮವೊಂದಿದೆ. ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ 1977ರಲ್ಲಿ ಆರನೇ ತರಗತಿಯ ಮಕ್ಕಳ ಲಿಖಿತ ಲೆಕ್ಕಗಳ ತಪ್ಪುಗಳನ್ನು ಪರಿಶೀಲಿಸಿದರು. ಮಗುವನ್ನು ಕೂರಿಸಿಕೊಂಡು ಐದು ಕೆಲಸ ಹೇಳುವುದು ಅವರ ವಿಧಾನ. ಪ್ರಶ್ನೆಯನ್ನು ಓದು. ಏನು ಕೇಳಿದ್ದಾರೆ ಹೇಳು. ಹೇಗೆ ಮಾಡುತ್ತೀಯ ಹೇಳು. ಈಗ ಮಾಡಿ ತೋರಿಸು. ಉತ್ತರ ಬರೆ. ಮಗು ಯಾವ ಮೆಟ್ಟಿಲಲ್ಲಿ ಮೊದಲು ತಡವರಿಸಿತೋ ಅಲ್ಲೇ ತಪ್ಪಿನ ಬೇರು. ಅವರಿಗೆ ಸಿಕ್ಕ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು, ಕೂಡಿ ಕಳೆಯುವ ಕೆಲಸ ಶುರುವಾಗುವ ಮೊದಲೇ ಆಗಿಹೋಗಿದ್ದವು. ಏನೂ ಹೇಳಿಕೊಡದೆ ಎರಡನೆಯ ಸಲ ಮಾಡಿಸಿದಾಗ ಸರಿಹೋದ ತಪ್ಪುಗಳನ್ನು ಅವರು ಬೇರೆಯದೇ ಗುಂಪಿಗೆ ಸೇರಿಸಿದರು. ಸುಮಾಳ ನಾಲ್ಕೂ ತಪ್ಪುಗಳು ಆ ಗುಂಪಿಗೆ ಸೇರಿದವು.

ಮನೆಯಲ್ಲೂ ಈ ಪರೀಕ್ಷೆ ಮಾಡಬಹುದು. ಪದವನ್ನು ಓದಲಿಕ್ಕೇ ಮಗು ಮತ್ತೆ ಮತ್ತೆ ತೊಡಕಿದರೆ, ಅದು ಅವಸರವಲ್ಲ. ಓದುವುದರಲ್ಲೇ ಕಷ್ಟವಿದೆ, ಶಿಕ್ಷಕರ ಬಳಿ ಮಾತಾಡಬೇಕು, ಕಣ್ಣನ್ನೂ ತೋರಿಸಬೇಕು. ಸರಾಗವಾಗಿ ಓದಿಯೂ ‘ವ್ಯಾಸ ಅಂದ್ರೇನು?’ ಎಂದು ಕೇಳಿದರೆ ಪಾಠವನ್ನೇ ಮತ್ತೆ ಹೇಳಿಕೊಡಬೇಕು. ನಿಧಾನವಾಗಿ ಓದಿದ ಕೂಡಲೇ ತಾನೇ ಸರಿಮಾಡಿಕೊಂಡರೆ ಮಾತ್ರ ಅವಸರದ ತಪ್ಪು. ಅಂಥ ಮಗುವಿಗೆ ಇನ್ನೂ ಐವತ್ತು ಲೆಕ್ಕ ಕೊಟ್ಟು ಟ್ಯೂಷನ್ನಿಗೆ ಕಳಿಸಿದರೆ, ಐವತ್ತನ್ನೂ ಅದೇ ಅವಸರದಲ್ಲಿ ಓದುತ್ತದೆ.

ತಾತ ಸುಮಾಳಿಗೆ ‘ಇನ್ನುಮೇಲೆ ಜಾಗ್ರತೆ’ ಎಂದು ಹೇಳಿ ಬಿಡಲಿಲ್ಲ. ಜಾಗ್ರತೆ ಎನ್ನುವುದು ಎಲ್ಲಿ, ಯಾವುದರಲ್ಲಿ ಎಂದು ಮಗುವಿಗೆ ತಿಳಿಯುವುದಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಡುವೆ ಗೆರೆ ಎಳೆಸಿದರು. ಎಡಕ್ಕೆ ‘ಇದ್ದದ್ದು’, ಬಲಕ್ಕೆ ‘ನಾನು ಓದಿದ್ದು’. ಅಲ್ಲದ್ದು, ಆದದ್ದು. ಅಪವರ್ತ್ಯ, ಅಪವರ್ತನ. ವ್ಯಾಸ, ತ್ರಿಜ್ಯ. ರೂಪಾಯಿಗೆ, ರೂಪಾಯಿ. ತನ್ನ ಕಣ್ಣು ಎಲ್ಲೆಲ್ಲಿ ಜಾರುತ್ತದೆ ಎಂಬುದು ಈಗ ಅವಳ ಮುಂದೆ ಬರಹದಲ್ಲಿತ್ತು. ಪ್ರಶ್ನೆಯಲ್ಲಿ ಒಂದೇ ಒಂದು ಪದಕ್ಕೆ ಗೆರೆ ಹಾಕಬೇಕು, ಏನನ್ನು ಕೇಳಿದ್ದಾರೋ ಆ ಪದಕ್ಕೆ, ಎಂಬುದು ಎರಡನೆಯ ನಿಯಮ. ಮೊದಲ ದಿನ ಅವಳು ಎಲ್ಲ ಪದಕ್ಕೂ ಗೆರೆ ಎಳೆದಿದ್ದಳು. ಎಲ್ಲಕ್ಕೂ ಎಳೆದರೆ ಯಾವುದಕ್ಕೂ ಎಳೆಯದ ಹಾಗೆಯೇ.

ತಾತ ಗಡಿಯಾರವನ್ನೂ ನೋಡಿದ್ದರು. ಎರಡು ಸಾಲಿನ ಪ್ರಶ್ನೆಯನ್ನು ತುಟಿಯಲ್ಲೇ ಪೂರ್ತಿ ಓದಲು ಅವಳಿಗೆ ಹನ್ನೆರಡು ಸೆಕೆಂಡು ಸಾಕಾಗಿತ್ತು. ಹತ್ತು ಪ್ರಶ್ನೆಗೆ ಎರಡು ನಿಮಿಷ. ಆ ಎರಡು ನಿಮಿಷ ಉಳಿಸಲು ಹೋಗಿ ಅವಳು ಕಳೆದುಕೊಂಡದ್ದು ಒಂಬತ್ತು ಅಂಕ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲಿಕ್ಕೆಂದೇ 15 ನಿಮಿಷ ಕೊಡುತ್ತಾರೆ. ಅದರಲ್ಲಿ ಮಕ್ಕಳು ಸಾಮಾನ್ಯವಾಗಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಹುಡುಕುತ್ತಾರೆ. ಬರುವ ಪ್ರಶ್ನೆಗಳನ್ನೇ ಕೊನೆಯ ಪದದವರೆಗೆ ಓದಲು ಆ ಹೊತ್ತನ್ನು ಬಳಸಬೇಕು. ಬಾರದ ಪ್ರಶ್ನೆಯನ್ನು ಹೇಗೂ ನಿಧಾನವಾಗಿಯೇ ಓದುತ್ತೇವೆ. ಜಾರುವುದು ಬರುವ ಕಡೆಯಲ್ಲೇ.

ಮುಂದಿನ ಕಿರುಪರೀಕ್ಷೆಯಲ್ಲಿ ಸುಮಾಳಿಗೆ 18 ಬಂತು. ಒಂದು ಲೆಕ್ಕ ತಪ್ಪಿತ್ತು. ಮನೆಗೆ ಬಂದವಳೇ ಪೋಸ್ಟ್‌ಕಾರ್ಡ್ ಹಿಡಿದು ಆ ಪ್ರಶ್ನೆಯನ್ನು ಓದಿದಳು, ಮತ್ತೊಮ್ಮೆ ಓದಿದಳು. ಎಡಕ್ಕೂ ಬಲಕ್ಕೂ ಬರೆಯಲು ಬೇರೆ ಬೇರೆ ಪದ ಸಿಗಲಿಲ್ಲ.

‘ತಾತ, ಸರಿಯಾಗೇ ಓದಿದೀನಿ. ಇದು ನನಗೆ ನಿಜವಾಗ್ಲೂ ಬರಲ್ಲ.’

‘ಹಾಗಾದ್ರೆ ಬಾ, ಕಲಿಯೋಣ’ ಎಂದು ತಾತ ಪಾಠದ ಪುಸ್ತಕ ತೆರೆದರು.