ಹೋಳಿಗೆ ಹರಿಯೋದು ಲಟ್ಟಿಸುವಾಗಲ್ಲ, ಅದಕ್ಕೂ ಎರಡು ಗಂಟೆ ಮೊದಲೇ!

ನಮ್ ಕಡೆ ಅಂದ್ರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಮುತ್ತ ಇದನ್ನ ಹೋಳಿಗೆ ಅನ್ನೋರಿಗಿಂತ ಒಬ್ಬಟ್ಟು ಅನ್ನೋರೇ ಜಾಸ್ತಿ. ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಹೊಸತೊಡಕಿನ ಬಾಡೂಟ. ಈ ಎರಡರಲ್ಲಿ ಬಾಡೂಟ ಮಾಡೋಕೆ ಮನೇಲಿ ನಾಲ್ಕು ಜನ ಮುಂದೆ ಬರ್ತಾರೆ. ಒಬ್ಬಟ್ಟು ಅಂದ ಕೂಡಲೇ ಎಲ್ಲರ ಕಣ್ಣೂ ಒಬ್ಬರ ಕಡೆಗೇ ತಿರುಗುತ್ತೆ. ನಮ್ಮನೇಲಿ ಆ ಒಬ್ಬರು ಚನ್ನಪಟ್ಟಣದ ದೊಡ್ಡಮ್ಮ.

ದೊಡ್ಡಮ್ಮನಿಗೆ ಈಗ ಭುಜದ ನೋವು. ಕಣಕ ನಾದೋಕೆ ಆಗಲ್ಲ. ಹೀಗಾಗಿ ಈ ಸಲ ನಾದಿದ್ದು ನಾನು, ಕುರ್ಚಿ ಮೇಲೆ ಕೂತು ಹೇಳಿದ್ದು ಅವರು. ಅವರ ಲೆಕ್ಕವೆಲ್ಲ "ಒಂದಿಷ್ಟು", "ಕೈಗೆ ಗೊತ್ತಾಗ್ತದೆ ಬಿಡು". ನಾನು ಪಕ್ಕದಲ್ಲಿ ಅಡುಗೆಮನೆಯ ಪುಟ್ಟ ತಕ್ಕಡಿ ಇಟ್ಟುಕೊಂಡು ಪ್ರತಿಯೊಂದನ್ನೂ ತೂಗಿ ಫೋನಿನಲ್ಲಿ ಬರೆದುಕೊಂಡೆ. ಇಲ್ಲಿರುವುದು ಆ ಲೆಕ್ಕವೇ. ಸುಮಾರು 15 ಒಬ್ಬಟ್ಟಿಗೆ ಸಾಕು.

ಮೊದಲು ಕಣಕ, ಆಮೇಲೆ ಬೇಳೆ

ಹೆಚ್ಚಿನವರು ಮೊದಲು ಬೇಳೆ ಬೇಯಿಸಿ, ಹೂರ್ಣ ರುಬ್ಬಿ, ಕೊನೆಗೆ ಗಡಿಬಿಡಿಯಲ್ಲಿ ಕಣಕ ಕಲಸ್ತಾರೆ. ದೊಡ್ಡಮ್ಮನದು ಉಲ್ಟಾ. ಬೆಳಗ್ಗೆ ಒಲೆ ಹಚ್ಚುವ ಮೊದಲೇ ಕಣಕ ರೆಡಿಯಾಗಿರಬೇಕು. ಯಾಕಂದ್ರೆ ಕಣಕಕ್ಕೆ ಬೇಕಾಗಿರೋದು ನಮ್ಮ ಕೈಬಲಕ್ಕಿಂತ ಸಮಯ.

150 ಗ್ರಾಂ ಮೈದಾ, 75 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ. ಇದಕ್ಕೆ ಸುಮಾರು 155 ಮಿಲಿ ನೀರು, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಬೇಕು. ಚಪಾತಿ ಹಿಟ್ಟಿಗೆ ಹೋಲಿಸಿದರೆ ಇದು ತುಂಬಾ ಮೆತ್ತಗೆ. ಕೈಗೆ ಅಂಟುತ್ತೆ, "ನೀರು ಜಾಸ್ತಿ ಆಯ್ತಾ?" ಅಂತ ಭಯವಾಗುತ್ತೆ. ಆಗ ಹಿಟ್ಟು ಉದುರಿಸಬೇಡಿ, ಹಾಗೇ ನಾದಿ. ಹತ್ತು ನಿಮಿಷ ಎಳೆದು ಮಡಚಿ ನಾದಿದರೆ ಅಂಟು ತಾನಾಗೇ ಕಡಿಮೆಯಾಗುತ್ತೆ.

ಎಣ್ಣೆ ಯಾವಾಗ ಹಾಕ್ತೀವಿ ಅನ್ನೋದು ಮುಖ್ಯ. ಒಣ ಹಿಟ್ಟಿಗೇ ಎಣ್ಣೆ ಸುರಿದರೆ ಅದು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ನೀರು ಒಳಗೆ ಹೋಗದಂತೆ ತಡೆಯುತ್ತೆ. ಚಕ್ಕುಲಿ, ನಿಪ್ಪಟ್ಟಿಗೆ ಅದು ಸರಿ, ಅವು ಪುಡಿಪುಡಿಯಾಗಬೇಕು. ಒಬ್ಬಟ್ಟಿನ ಕಣಕ ಹಿಗ್ಗಬೇಕು. ಮೈದಾದಲ್ಲಿರುವ ಅಂಟು, ಅಂದ್ರೆ ಗ್ಲುಟನ್, ನೀರು ಕುಡಿದು ಜಾಲದ ಹಾಗೆ ಹೆಣೆದುಕೊಂಡ ಮೇಲಷ್ಟೇ ಹಿಟ್ಟು ಹಿಗ್ಗೋದು. ಹಾಗಾಗಿ ಮೊದಲು ಬರೀ ನೀರಿನಲ್ಲಿ ನಾದಿ, ಅದು ಒಂದು ಹದಕ್ಕೆ ಬಂದ ಮೇಲೆ 2 ದೊಡ್ಡ ಚಮಚ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಇನ್ನೈದು ನಿಮಿಷ ನಾದಬೇಕು. ಕೊನೆಗೆ ಬಟ್ಟಲಿಗೆ ಹಾಕಿ ಮೇಲೆ 3 ಚಮಚ ಎಣ್ಣೆ ಸುರಿದು ಮುಚ್ಚಿಡಬೇಕು. ಮೇಲಿನ ಎಣ್ಣೆ ಹಿಟ್ಟು ಒಣಗಿ ಸಿಪ್ಪೆ ಕಟ್ಟದಂತೆ ಕಾಯುತ್ತೆ. ಅಷ್ಟೂ ಎಣ್ಣೆ ಹೊಟ್ಟೆಗೆ ಹೋಗುತ್ತೆ ಅಂತ ಹೆದರಬೇಡಿ, ಉಳಿದದ್ದನ್ನೇ ಎಲೆಗೆ, ಕೈಗೆ ಸವರಿಕೊಳ್ಳೋದು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎರಡೂ ನಡೆಯುತ್ತೆ. ಕೊಬ್ಬರಿ ಎಣ್ಣೆ ಮಾತ್ರ ತಣ್ಣಗಿನ ದಿನ ಗಟ್ಟಿಯಾಗುತ್ತೆ, ಬೇಡ.

ಎರಡು ಗಂಟೆ ಯಾಕೆ?

ನಾದಿದ ತಕ್ಷಣ ಆ ಜಾಲ ಬಿಗಿಯಾಗಿರುತ್ತೆ. ಎಳೆದರೆ ರಬ್ಬರ್ ಬ್ಯಾಂಡ್ ಹಾಗೆ ಹಿಂದಕ್ಕೆ ಓಡುತ್ತೆ. ಅಂಥ ಕಣಕವನ್ನು ಲಟ್ಟಿಸಲು ಹೋದರೆ ನಾವು ಒತ್ತಿದಷ್ಟೂ ಅದು ಮುದುಡಿಕೊಳ್ಳುತ್ತೆ, ಇನ್ನೂ ಜೋರಾಗಿ ಒತ್ತಿದರೆ ಹರಿಯುತ್ತೆ. ಜೊತೆಗೆ ಚಿರೋಟಿ ರವೆ ನಿಧಾನಕ್ಕೆ ನೀರು ಕುಡಿಯುವ ಪದಾರ್ಥ. ಅದು ನೆನೆದು ಮೆತ್ತಗಾಗದೇ ಇದ್ದರೆ ಪದರದಲ್ಲಿ ಮರಳಿನ ಕಣದಂತೆ ಉಳಿಯುತ್ತೆ. ಎರಡೂ ಸರಿಹೋಗಲು ಕನಿಷ್ಠ ಎರಡು ಗಂಟೆ ಬೇಕು. ಮೂರ್ನಾಲ್ಕು ಗಂಟೆ ಆದರೆ ಇನ್ನೂ ಒಳ್ಳೇದು.

ಆಯ್ತೋ ಇಲ್ವೋ ಅಂತ ತಿಳಿಯೋಕೆ ಗಡಿಯಾರಕ್ಕಿಂತ ಕೈ ನಂಬಿ. ನಿಂಬೆಕಾಯಿ ಗಾತ್ರದ ಕಣಕ ತೆಗೆದು ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಹಿಂದಕ್ಕೆ ಓಡದೆ, ಬೆರಳು ಕಾಣುವಷ್ಟು ತೆಳ್ಳಗೆ ಬಂದರೆ ಆಯ್ತು. ತುಂಡಾದರೆ ಇನ್ನರ್ಧ ಗಂಟೆ ಬಿಡಿ.

ಶನಿವಾರ ರಾತ್ರಿಯೇ ಕಲಸಿ ಫ್ರಿಜ್ಜಿನಲ್ಲಿ ಇಡಬಹುದು. ಆದರೆ ಲಟ್ಟಿಸುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ. ತಣ್ಣಗಿನ ಕಣಕ ಬಿಗಿಯಾಗಿಯೇ ಇರುತ್ತೆ.

ಹೂರ್ಣ: ಒಂದು ಗಟ್ಟಿ ಕಾಳು ಸಾಕು ಕೆಡಿಸೋಕೆ

ನಮ್ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ತೊಗರಿ, ಅವರೆ ಹಾಕ್ತಾರೆ. ನಮ್ಮನೆ ಒಬ್ಬಟ್ಟಿಗೆ ಯಾವಾಗಲೂ ತೊಗರಿಬೇಳೆಯೇ. ಕಡಲೆಬೇಳೆಯಲ್ಲೂ ಮಾಡಬಹುದು, ಅದು ಬೇಯಲು ಹೆಚ್ಚು ಹೊತ್ತು ಹಿಡಿಯುತ್ತೆ ಅಷ್ಟೇ.

250 ಗ್ರಾಂ ತೊಗರಿಬೇಳೆ ತೊಳೆದು, ಕುದಿಯುವ ಒಂದೂಕಾಲು ಲೀಟರ್ ನೀರಿಗೆ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸಿದೆವು. ಕುಕ್ಕರ್ ಬೇಡ ಅಂದ್ರು ದೊಡ್ಡಮ್ಮ, ಮೂರು ವಿಷಲ್‌ಗೆ ಬೇಳೆ ಕರಗಿ ನೀರಿಗೆ ಸೇರಿಬಿಡುತ್ತೆ. ಕಾಳು ಕಾಳಾಗಿಯೇ ಕಾಣಬೇಕು, ಆದರೆ ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ ತಾಗದೆ ಬೆಣ್ಣೆಯಂತೆ ಕರಗಬೇಕು. ನಮಗೆ 25 ನಿಮಿಷ ಹಿಡಿಯಿತು. ಹಳೇ ಬೇಳೆಯಾದರೆ ಇನ್ನೂ ಜಾಸ್ತಿ.

ಆಮೇಲೆ ಜರಡಿಗೆ ಸುರಿದು ಕಾಲು ಗಂಟೆ ಬಿಡಬೇಕು. ಕೆಳಗಿಳಿದ ಕಟ್ಟು ಒಬ್ಬಟ್ಟಿನ ಸಾರಿಗೆ. ಬಸಿದ ಬೇಳೆಗೆ 225 ಗ್ರಾಂ ಪುಡಿ ಮಾಡಿದ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಬೇಕು. ಬೆಲ್ಲ ಕರಗಿ ಮೊದಲು ಎಲ್ಲ ನೀರಾಗುತ್ತೆ. ಗಾಬರಿ ಬೇಡ. ಸೌಟು ನಡುವೆ ನಿಲ್ಲಿಸಿದರೆ ಬೀಳದೆ ನಿಲ್ಲುವ ತನಕ ಬತ್ತಿಸಿ, ಏಲಕ್ಕಿ ಪುಡಿ ಹಾಕಿ ಇಳಿಸಿ. ಆರಿದ ಮೇಲೆ ಒಂದು ಹನಿ ನೀರೂ ಹಾಕದೆ ನುಣ್ಣಗೆ ರುಬ್ಬಿ.

ಈ "ನುಣ್ಣಗೆ" ಅನ್ನೋದು ರುಚಿಗಿಂತ ಹೆಚ್ಚಾಗಿ ಕಣಕದ ರಕ್ಷಣೆಗೆ. ಅರೆದಿರದ ಒಂದು ಕಾಳು ಉಳಿದರೂ ಲಟ್ಟಣಿಗೆ ಒತ್ತಿದಾಗ ಅದು ಒಳಗಿಂದ ಕಣಕಕ್ಕೆ ತೂತು ಮಾಡುತ್ತೆ. ಅನುಮಾನ ಇದ್ದರೆ ಹೂರ್ಣವನ್ನು ಬೆರಳ ನಡುವೆ ಉಜ್ಜಿ ನೋಡಿ, ತರಿ ಸಿಕ್ಕರೆ ಮತ್ತೊಂದು ಸಲ ಮಿಕ್ಸಿಗೆ ಹಾಕಿ.

ಹದ ಅಂದ್ರೆ ಇದೇ

ದೊಡ್ಡಮ್ಮ ಮಣೆ ಹಾಕುವ ಮೊದಲು ಎರಡೂ ಪಾತ್ರೆ ಪಕ್ಕಪಕ್ಕ ಇಡಿಸಿದರು. ಒಂದು ಬೆರಳು ಕಣಕಕ್ಕೆ, ಇನ್ನೊಂದು ಹೂರ್ಣಕ್ಕೆ. "ಎರಡೂ ಒಂದೇ ಮೆತ್ತಗೆ ಇರ್ಬೇಕು ಕಣಮ್ಮ. ಒಂದು ಗಟ್ಟಿ ಇದ್ರೆ ಇನ್ನೊಂದನ್ನ ತಳ್ತದೆ."

ಹೂರ್ಣ ಗಟ್ಟಿಯಾಗಿದ್ದರೆ ಅದು ನಡುವೆಯೇ ಗುಡ್ಡೆಯಾಗಿ ನಿಂತು ಕಣಕ ಮಾತ್ರ ಅಂಚಿಗೆ ಓಡುತ್ತೆ, ಕಡಿ ಒಣ ಚಪಾತಿ ತಿಂದ ಹಾಗಿರುತ್ತೆ. ಹೂರ್ಣ ಸಡಿಲವಾಗಿದ್ದರೆ ಒತ್ತಿದ ಕೂಡಲೇ ಪಕ್ಕದಿಂದ ಹೊರಗೆ ಬರುತ್ತೆ. ಉಂಡೆ ಕಟ್ಟಿದಾಗ ಬಿರುಕು ಬಿಟ್ಟರೆ ಒಂದು ಚಮಚ ಬಿಸಿ ಹಾಲು ಬೆರೆಸಿ. ಕೈಗೆ ಮೆತ್ತಿಕೊಂಡರೆ ಬಾಣಲೆಗೆ ಹಾಕಿ ಮತ್ತೆ ಬತ್ತಿಸಿ, ಪುರುಸೊತ್ತಿಲ್ಲದಿದ್ದರೆ ಒಂದೆರಡು ಚಮಚ ಹುರಿಗಡಲೆ ಪುಡಿ ಸೇರಿಸಿ. ಹೂರ್ಣ ಪೂರ್ತಿ ಆರಿರಲೇಬೇಕು. ಬಿಸಿ ಹೂರ್ಣದ ಹಬೆಗೆ ಕಣಕ ಬೆವರಿ ಹರಿಯುತ್ತೆ.

ತುಂಬೋದು, ಲಟ್ಟಿಸೋದು

ತಕ್ಕಡಿಯಲ್ಲಿ ದೊಡ್ಡಮ್ಮನ ಕೈಯಳತೆ ಹೀಗೆ ಬಂತು: ಹೂರ್ಣದ ಉಂಡೆ 45 ಗ್ರಾಂ, ಕಣಕ 27 ಗ್ರಾಂ. ಹೂರ್ಣ ದೊಡ್ಡದು, ಕಣಕ ಚಿಕ್ಕದು. ಮೊದಲ ಸಲ ಮಾಡುವವರು ಎರಡನ್ನೂ ಹತ್ತಿರಹತ್ತಿರ ಸಮ ಇಟ್ಟುಕೊಳ್ಳಿ, ಕೈ ಪಳಗಿದ ಮೇಲೆ ಕಣಕ ಇಳಿಸಬಹುದು.

ಎಣ್ಣೆ ಕೈಯಲ್ಲಿ ಕಣಕವನ್ನು ಅಂಗೈ ಅಗಲ ತಟ್ಟಿ. ನಡುವೆ ದಪ್ಪ, ಅಂಚು ತೆಳ್ಳಗಿರಲಿ. ಎಲ್ಲ ಅಂಚೂ ಸೇರಿ ಗಂಟಾಗುವ ಕಡೆ ಹೇಗೂ ದಪ್ಪವಾಗುತ್ತೆ. ಹೂರ್ಣ ಇಟ್ಟು, ಕಣಕವನ್ನು ಸುತ್ತಲಿಂದ ಮೇಲಕ್ಕೆ ಎಳೆದು ಜೋಡಿಸಿ, ಉಳಿದ ಬಾಲವನ್ನು ಕಿತ್ತು ತೆಗೆಯಿರಿ. ಒಳಗೆ ಗಾಳಿ ಸಿಕ್ಕಿಕೊಳ್ಳಬಾರದು, ಲಟ್ಟಿಸುವಾಗ ಅದೇ ಗುಳ್ಳೆಯಾಗಿ ಒಡೆಯುತ್ತೆ. ತುಂಬಿದ ಉಂಡೆಗಳನ್ನು ಐದು ನಿಮಿಷ ಹಾಗೇ ಬಿಡಿ.

ಬಾಳೆಎಲೆಯನ್ನು ಉರಿಯ ಮೇಲೆ ಒಮ್ಮೆ ಆಡಿಸಿದರೆ ಬಾಡಿ ಮೆತ್ತಗಾಗುತ್ತೆ. ಅದಕ್ಕೆ ಎಣ್ಣೆ ಸವರಿ, ಗಂಟು ಕೆಳಗೆ ಬರುವಂತೆ ಉಂಡೆ ಇಡಿ. ಲಟ್ಟಣಿಗೆ ಆಮೇಲೆ, ಮೊದಲು ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ತಟ್ಟುತ್ತಾ ಅರ್ಧದಷ್ಟು ಅಗಲ ಮಾಡಿ. ಇಲ್ಲಿ ಹೂರ್ಣ ಅಂಚಿನವರೆಗೂ ಹೋಗಬೇಕು. ಆಮೇಲೆ ಎಣ್ಣೆ ಸವರಿದ ಲಟ್ಟಣಿಗೆಯನ್ನು ಹಗುರವಾಗಿ ಓಡಿಸಿ. ಒಬ್ಬಟ್ಟನ್ನು ಎತ್ತಿ ತಿರುಗಿಸಬೇಡಿ, ಎಲೆಯನ್ನೇ ತಿರುಗಿಸಿ. ಅಂಚಿಗೆ ಬೆರಳಗಲ ಇರುವಾಗಲೇ ಲಟ್ಟಣಿಗೆ ಎತ್ತಿಬಿಡಿ. ಅಂಚು ದಾಟಿಸಿ ಒತ್ತಿದರೆ ಹೂರ್ಣ ಹೊರಗೆ. ಹಿಟ್ಟು ಉದುರಿಸಿ ಲಟ್ಟಿಸಬೇಡಿ, ಆ ಹಿಟ್ಟು ಕಾವಲಿಯಲ್ಲಿ ಸೀದು ಒಬ್ಬಟ್ಟನ್ನು ಗಟ್ಟಿ ಮಾಡುತ್ತೆ.

ಚನ್ನಪಟ್ಟಣದ ಬಣ್ಣದ ಲಟ್ಟಣಿಗೆ ಇದ್ದರೆ ಒಂದು ಮಾತು: ಆ ಬಣ್ಣ ಅರಗಿನದು, ಬಿಸಿ ತಾಗಿದರೆ ಮೆತ್ತಗಾಗುತ್ತೆ. ಕಾವಲಿ ಪಕ್ಕ ಇಡಬೇಡಿ.

ಎಲ್ಲಾದರೂ ಹರಿದರೆ ಕಿತ್ತಿಟ್ಟ ಬಾಲದಿಂದ ಕಾಸಿನಗಲ ಕಣಕ ಚಪ್ಪಟೆ ಮಾಡಿ ತೂತಿನ ಮೇಲೆ ಅಂಟಿಸಿ, ಬೆರಳಿಂದ ಒಮ್ಮೆ ಒತ್ತಿ. ಮತ್ತೆ ಉಂಡೆ ಮಾಡಿ ಲಟ್ಟಿಸಲು ಹೋಗಬೇಡಿ, ಕಣಕ ಹೂರ್ಣ ಎರಡೂ ಬೆರೆತು ಆಮೇಲೆ ಯಾವುದೂ ನಿಲ್ಲಲ್ಲ.

ಕಾವಲಿ ಮೇಲೆ ಎರಡೇ ನಿಮಿಷ

ಕಾವಲಿ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾದಿರಲಿ. ಎಲೆ ಸಮೇತ ಬೋರಲು ಹಾಕಿ, ಕೆಲವು ಸೆಕೆಂಡ್ ಬಿಟ್ಟು ಎಲೆ ಬಿಡಿಸಿ. ಪ್ಲಾಸ್ಟಿಕ್ ಹಾಳೆ ಮೇಲೆ ಲಟ್ಟಿಸುವವರು ಇದನ್ನು ಮಾಡಬೇಡಿ, ಅಂಗೈಗೆ ಮಗುಚಿಕೊಂಡು ಕಾವಲಿಗೆ ಬಿಡಿ. ಒಂದೊಂದು ಕಡೆ ಸುಮಾರು ಒಂದು ನಿಮಿಷ, ಕಂದು ಚುಕ್ಕೆ ಬಂದರೆ ಸಾಕು. ಉರಿ ಸಣ್ಣದಿಟ್ಟು ತುಂಬಾ ಹೊತ್ತು ಬೇಯಿಸಿದರೆ ತೇವವೆಲ್ಲ ಆರಿ, ಎಷ್ಟು ಎಣ್ಣೆ ಹಾಕಿದ್ದರೂ ಸಂಜೆಗೆ ಹಪ್ಪಳ.

ತೆಗೆದ ಒಬ್ಬಟ್ಟನ್ನು ಬಟ್ಟೆ ಮೇಲೆ ಹರಡಿ, ಹಬೆ ಆರಿದ ಮೇಲೆ ಒಂದರ ಮೇಲೊಂದು ಜೋಡಿಸಿ ಡಬ್ಬಿಗೆ ಹಾಕಿ. ಹೂರ್ಣಕ್ಕೆ ತೆಂಗಿನಕಾಯಿ ಹಾಕಿದ್ದರೆ ಮಾರನೇ ದಿನಕ್ಕೆ ಫ್ರಿಜ್ಜು ಬೇಕು.

ಮೈದಾ ಬೇಡ ಅನ್ನುವವರು ಗೋಧಿ ಹಿಟ್ಟಿನಲ್ಲೂ ಮಾಡಬಹುದು. ಆದರೆ ಗೋಧಿಯ ತೌಡು ಆ ಅಂಟಿನ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತೆ. ಹಾಗಾಗಿ ಜರಡಿ ಹಿಡಿದು, ನೀರು ಸ್ವಲ್ಪ ಹೆಚ್ಚು ಹಾಕಿ, ಒಂದು ಸುತ್ತು ದಪ್ಪಗೇ ಲಟ್ಟಿಸಿ.

ಉಳಿದದ್ದು ಕಟ್ಟು. ಅದಕ್ಕೆ ಒಂದು ಉಂಡೆ ಹೂರ್ಣ ಕದಡಿ, ಹುಣಸೆ ರಸ, ಸಾರಿನ ಪುಡಿ, ಉಪ್ಪು ಹಾಕಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ರಾತ್ರಿ ಊಟಕ್ಕಿಂತ ಮಾರನೇ ದಿನ ಬಿಸಿ ಮಾಡಿ ಅನ್ನಕ್ಕೆ ಕಲಸಿದಾಗ ಈ ಸಾರಿನ ರುಚಿ ಇನ್ನೂ ಹೆಚ್ಚು.