ಮಾತ್ರೆ ನುಂಗಿದ ನಾಡಿಗೆ ಬೇರೆ ಲೆಕ್ಕ

ಸ್ಟೆಂಟ್ ಹಾಕಿಸಿಕೊಂಡು ಮೂರು ತಿಂಗಳಾದ 58ರ ಗೃಹಸ್ಥರೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಡಾಕ್ಟರು ಮೆಟೊಪ್ರೊಲಾಲ್ ಬರೆದುಕೊಟ್ಟು, ದಿನಾ ಬಿರುಸಾಗಿ ನಡೆಯಿರಿ ಎಂದಿದ್ದಾರೆ. ಮಗಳು ಸ್ಮಾರ್ಟ್ ವಾಚು ಕೊಡಿಸಿದ್ದಾಳೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆವರಿಳಿಸಿಕೊಂಡು ನಡೆಯುವಾಗ ವಾಚಿನಲ್ಲಿ ಕಾಣುವುದು ಬರೀ 98. ಪಕ್ಕದಲ್ಲೇ ‘ಹಗುರ ವ್ಯಾಯಾಮ’ ಎಂಬ ಷರಾ. ಪಾಪ, ಅವರು ಇನ್ನಷ್ಟು ಜೋರಾಗಿ ಹೆಜ್ಜೆ ಹಾಕುತ್ತಾರೆ. ಏದುಸಿರು ಬರುತ್ತದೆ, ಅಂಕಿ ಮಾತ್ರ ಮೇಲೇಳಲು ಒಪ್ಪುವುದಿಲ್ಲ.

ವಾಚು ಕೆಟ್ಟಿಲ್ಲ. ಅದು ಹಾಕುತ್ತಿರುವ ಲೆಕ್ಕ ಈ ಮನುಷ್ಯನದ್ದಲ್ಲ, ಅಷ್ಟೆ.

ಹೃದಯದ ಬಡಿತಕ್ಕೆ ತಾಳ ಹಾಕುವುದು ಅದರ ಬಲ ಮೇಲ್ಗೋಣೆಯಲ್ಲಿರುವ ಒಂದು ಪುಟ್ಟ ಗಂಟು, ಸೈನಸ್ ನೋಡ್. ಅದರ ಮೇಲೆ ಎರಡು ಕಡೆಯ ಹಿಡಿತವಿದೆ. ವೇಗಸ್ ನರ ಸದಾ ಬಡಿತವನ್ನು ತಗ್ಗಿಸುತ್ತಿರುತ್ತದೆ. ಅಡ್ರಿನಲಿನ್ ಮತ್ತು ಅದರ ಸೋದರ ರಾಸಾಯನಿಕ ನಾರ್‌ಅಡ್ರಿನಲಿನ್ ಏರಿಸುತ್ತವೆ. ಕುಳಿತವರು ಎದ್ದು ನಡೆಯಲು ತೊಡಗಿದಾಗ ಮೊದಲು ಆಗುವುದು ವೇಗಸ್‌ನ ಹಿಡಿತ ಸಡಿಲವಾಗುವುದು. ಅಲ್ಲಿಂದಾಚೆಗಿನ ಏರಿಕೆಯಲ್ಲಿ ಅಡ್ರಿನಲಿನ್ನಿನ ಪಾಲು ಹೆಚ್ಚುತ್ತಾ ಹೋಗುತ್ತದೆ. ಅದು ಬಂದು ಕೂರುವ ಬೀಟಾ ಗ್ರಾಹಕಗಳನ್ನು ಮೊದಲೇ ಆಕ್ರಮಿಸಿಕೊಳ್ಳುವುದೇ ಬೀಟಾ ಬ್ಲಾಕರ್‌ಗಳ ಕೆಲಸ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನಲಾಲ್ ರೂಪಿಸಿದ್ದು ಇದೇ ಯೋಚನೆಯಿಂದ. 1988ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಔಷಧಿ ಅಂಗಡಿಗಳಲ್ಲಿ ದಿನಾ ಮಾರಾಟವಾಗುವ ಅಟೆನಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಎಲ್ಲ ಅದೇ ವಂಶದವು.

ಹೀಗಾಗಿ ಮಾತ್ರೆಯ ಪರಿಣಾಮ ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿರುವುದಿಲ್ಲ. ಆರಾಮಾಗಿ ಕುಳಿತಾಗ ನಾಡಿ ಸ್ವಲ್ಪ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ, ಓಡುವಾಗ ಇಳಿತ ಇನ್ನೂ ದೊಡ್ಡದು. ಮಾತ್ರೆ ತಗೊಂಡರೆ 20 ಕಳೆದುಬಿಡಿ ಎಂಬ ಜಿಮ್ ಸಲಹೆ ಕೈಕೊಡುವುದು ಇಲ್ಲೇ.

ಈಗ ಆ ಗೃಹಸ್ಥರ ಲೆಕ್ಕಕ್ಕೆ ಬರೋಣ. ಹೆಚ್ಚಿನ ವಾಚುಗಳು 220ರಿಂದ ವಯಸ್ಸು ಕಳೆದು ಗರಿಷ್ಠ ನಾಡಿ ಇಷ್ಟು ಎಂದು ಊಹಿಸುತ್ತವೆ. ಇವರಿಗೆ ಅದು 162. ಅದರ ಶೇ. 70ರಿಂದ 80, ಅಂದರೆ 113ರಿಂದ 130, ಇವರ ಗುರಿ ಎಂದು ಪರದೆಯ ಮೇಲೆ ಬರುತ್ತದೆ. 1971ರ ಸುಮಾರಿಗೆ ಚಾಲ್ತಿಗೆ ಬಂದ ಈ ಸೂತ್ರ ಆರೋಗ್ಯವಂತರಲ್ಲೇ ಹತ್ತು ಹನ್ನೆರಡು ಬಡಿತ ಆಚೀಚೆಯಾಗುತ್ತದೆ. ಮಾತ್ರೆ ನುಂಗುವವರನ್ನಂತೂ ಅದು ಲೆಕ್ಕಕ್ಕೇ ಹಿಡಿದಿಲ್ಲ.

ಮಾತ್ರೆ ನಿಲ್ಲಿಸದೆಯೇ ಇವರಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು ಎಂದುಕೊಳ್ಳಿ. ಇನ್ನು ಆಗುವುದಿಲ್ಲ ಎನ್ನುವ ಹೊತ್ತಿಗೆ ನಾಡಿ ಮುಟ್ಟಿದ್ದು 124. ಕುಳಿತಾಗಿನ ನಾಡಿ 58. ಎರಡರ ನಡುವಿನ ಅಂತರ 66. ಈ ದೇಹಕ್ಕೆ ಈ ಮಾತ್ರೆಯ ಜೊತೆ ಏರಲು ಇರುವ ಜಾಗ ಅಷ್ಟೇ. ಫಿನ್ಲೆಂಡಿನ ಕಾರ್ವೊನೆನ್ 1957ರಲ್ಲಿ ತೋರಿಸಿಕೊಟ್ಟ ದಾರಿಯಲ್ಲಿ ಈ ಅಂತರದ ಶೇ. 40ರಿಂದ 70ನ್ನು 58ಕ್ಕೆ ಕೂಡಿಸಿದರೆ ಗುರಿ 84ರಿಂದ 104 ಆಗುತ್ತದೆ. ಕೆರೆ ಏರಿಯ ಮೇಲೆ ಕಂಡ 98 ಹಗುರವಲ್ಲ, ಸರಿಯಾದ ಕಸರತ್ತೇ. ವಾಚಿನ ಮಾತು ಕೇಳಿ 120 ಮುಟ್ಟಿಸಲು ಹೊರಟಿದ್ದರೆ, ಎರಡನೇ ಸುತ್ತಿಗೇ ತಮ್ಮ ತಾಕತ್ತಿನ ಅಂಚಿನಲ್ಲಿ ನಿಂತಿರುತ್ತಿದ್ದರು.

ಹೃದಯರೋಗವಿದ್ದು ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗಾಗಿಯೇ 2004ರಲ್ಲಿ ಬ್ರಾನರ್ ಮತ್ತು ಸಂಗಡಿಗರು ಬೇರೆ ಸೂತ್ರ ಕೊಟ್ಟರು: 164ರಿಂದ ವಯಸ್ಸಿನ 0.7 ಪಾಲನ್ನು ಕಳೆಯುವುದು. ನಮ್ಮ ಗೃಹಸ್ಥರಿಗೆ ಅದು 123 ಬರುತ್ತದೆ, ಪರೀಕ್ಷೆಯ ಅಂಕಿಗೆ ತೀರಾ ಹತ್ತಿರ. ಆದರೆ ಎಲ್ಲರಿಗೂ ಹೀಗೆ ಕೂಡಿಬರುವುದಿಲ್ಲ. ಹಲವರಲ್ಲಿ ಹದಿನೆಂಟು ಬಡಿತದಷ್ಟು ತಪ್ಪಬಹುದು. ಪರೀಕ್ಷೆಗೆ ಪರೀಕ್ಷೆಯೇ ಸಾಟಿ.

ಆ ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ರಕ್ತನಾಳ ಕಟ್ಟಿದೆಯೇ ಎಂದು ಪತ್ತೆಮಾಡಲು ನಡೆಸುವ ಟ್ರೆಡ್‌ಮಿಲ್ ಪರೀಕ್ಷೆಗೆ ಮುಂಚೆ ಡಾಕ್ಟರು ಕೆಲವೊಮ್ಮೆ ಬೀಟಾ ಬ್ಲಾಕರ್ ನಿಲ್ಲಿಸಲು ಹೇಳುತ್ತಾರೆ. ಅಲ್ಲಿ ಸಿಕ್ಕ ನಾಡಿಯ ಅಂಕಿ ವ್ಯಾಯಾಮದ ಗುರಿಗೆ ಒದಗುವುದಿಲ್ಲ. ಗುರಿ ಗೊತ್ತುಮಾಡಲು ಎಂದಿನ ಮಾತ್ರೆ ತೆಗೆದುಕೊಂಡು, ಎಂದಿನ ವಾಕಿಂಗ್‌ನಷ್ಟೇ ಹೊತ್ತು ಬಿಟ್ಟು ಪರೀಕ್ಷೆ ಆಗಬೇಕು. ಸಾದಾ ಮೆಟೊಪ್ರೊಲಾಲ್ ಕೆಲವೇ ಗಂಟೆಗಳಲ್ಲಿ ಇಳಿಮುಖವಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅಥವಾ ಬಿಸೊಪ್ರೊಲಾಲ್ ದಿನವಿಡೀ ಎಳೆಯುತ್ತದೆ. ತಿಂಡಿಯ ನಂತರ ಸಾದಾ ಮಾತ್ರೆ ನುಂಗುವವರು ಬೆಳಿಗ್ಗೆ ಆರಕ್ಕೆ ನಡೆದಾಗ ಒಂದು ಅಂಕಿ, ಹತ್ತಕ್ಕೆ ನಡೆದಾಗ ಇನ್ನೊಂದು ಅಂಕಿ ಕಂಡು ಗಾಬರಿಯಾಗಬೇಕಿಲ್ಲ.

ಪರೀಕ್ಷೆಯ ಅನುಕೂಲವಿಲ್ಲದವರಿಗೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಅಳತೆ ಇದೆ. 6ರಿಂದ 20ರವರೆಗಿನ ಈ ಪಟ್ಟಿಯಲ್ಲಿ 6 ಎಂದರೆ ಏನೂ ಆಯಾಸವಿಲ್ಲ, 13 ಎಂದರೆ ಸ್ವಲ್ಪ ಕಷ್ಟ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ಆರರಿಂದ ಯಾಕೆ ಶುರು? ಆರೋಗ್ಯವಂತ ಯುವಕರಲ್ಲಿ ಈ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನಾಡಿ ಸಿಗಲಿ ಎಂಬ ಲೆಕ್ಕಾಚಾರ. ಬೀಟಾ ಬ್ಲಾಕರ್ ಈ ಗುಣಾಕಾರವನ್ನು ಕೆಡಿಸುತ್ತದೆ, ಆಯಾಸದ ಅನಿಸಿಕೆಯನ್ನು ಬಹುಮಟ್ಟಿಗೆ ಹಾಗೇ ಉಳಿಸುತ್ತದೆ. ಹೃದಯರೋಗಿಗಳ ವ್ಯಾಯಾಮ ಕೇಂದ್ರಗಳು ಸಾಮಾನ್ಯವಾಗಿ 11ರಿಂದ 14ರ ಮಟ್ಟವನ್ನು ಹೇಳುತ್ತವೆ. ಜೊತೆಗಾರರ ಹತ್ತಿರ ಎರಡು ವಾಕ್ಯ ಮಾತಾಡಲು ಬರುತ್ತಿರಬೇಕು, ಹಾಡಲು ಉಸಿರು ಸಾಲದಂತಿರಬೇಕು.

ವಾಚಿನ ಸೆಟ್ಟಿಂಗ್‌ನಲ್ಲಿ ಗರಿಷ್ಠ ನಾಡಿಯ ಜಾಗಕ್ಕೆ 124 ತುಂಬಿಸಿದರೆ ವಲಯಗಳು ಒಂದಿಷ್ಟು ದಾರಿಗೆ ಬರುತ್ತವೆ. ಅದು ತೋರಿಸುವ ದೇಹದಾರ್ಢ್ಯದ ಅಂಕಿಯನ್ನು ಮಾತ್ರ ನಂಬದಿರುವುದು ಒಳ್ಳೆಯದು. ಅದೇ ವೇಗದಲ್ಲಿ ನಾಡಿ ಕಡಿಮೆಯಾದರೆ ಹೃದಯ ಬಲವಾಗಿದೆ ಎಂದು ವಾಚು ತಿಳಿಯುತ್ತದೆ. ಮಾತ್ರೆ ಶುರುವಾದ ವಾರದಲ್ಲೇ ಹೊಗಳಿಕೆ ಬಂದರೆ ಅದು ಮಾತ್ರೆಗೆ ಸಲ್ಲಬೇಕಾದದ್ದು. ಹಾಗೆಂದು ಮಾತ್ರೆಯ ಜೊತೆ ಮಾಡಿದ ವ್ಯಾಯಾಮ ವ್ಯರ್ಥವೂ ಅಲ್ಲ. ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ರಕ್ತ ನೂಕಿ, ಸ್ನಾಯುಗಳು ಹೆಚ್ಚು ಆಮ್ಲಜನಕ ಹೀರಿಕೊಂಡು ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತವೆ.

ಬಿ.ಪಿ. ಮಾತ್ರೆಗಳೆಲ್ಲ ಹೀಗೆ ಎಂದು ತಿಳಿಯಬಾರದು. ಡಿಲ್ಟಿಯಾಜೆಮ್, ವೆರಪಮಿಲ್ ನಾಡಿ ಇಳಿಸುತ್ತವೆ; ಅಮ್ಲೊಡಿಪಿನ್, ಟೆಲ್ಮಿಸಾರ್ಟನ್ ಅಷ್ಟಾಗಿ ತಂಟೆಗೆ ಹೋಗುವುದಿಲ್ಲ. ಹೃದಯ ವೈಫಲ್ಯಕ್ಕೆ ಕೊಡುವ ಐವಬ್ರಡಿನ್ ನೇರವಾಗಿ ಸೈನಸ್ ನೋಡ್ ಮೇಲೆಯೇ ಕೂರುತ್ತದೆ. ದಮ್ಮಿಗೆ ಎಳೆಯುವ ಸಾಲ್ಬುಟಮಾಲ್, ಕೆಲವು ನೆಗಡಿ ಮಾತ್ರೆಗಳು, ಅಳತೆ ಮೀರಿದ ಥೈರಾಕ್ಸಿನ್ ನಾಡಿಯನ್ನು ಏರಿಸುತ್ತವೆ. ಯಾರ ಗಮನಕ್ಕೂ ಬಾರದ್ದು ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ. ಅದೂ ಬೀಟಾ ಬ್ಲಾಕರೇ. ಕಣ್ಣಿನಿಂದ ಮೂಗಿಗಿಳಿದು ರಕ್ತ ಸೇರುತ್ತದೆ, ನಾಡಿಯನ್ನು ನಿಧಾನಿಸುತ್ತದೆ. ಹನಿ ಬಿಟ್ಟ ಮೇಲೆ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿಹಿಡಿದರೆ ಒಳಹೋಗುವುದು ಕಡಿಮೆಯಾಗುತ್ತದೆ. ಔಷಧಿಗಳ ಪಟ್ಟಿ ಕೇಳಿದಾಗ ಕಣ್ಣಿನ ಹನಿಯನ್ನು ಯಾರೂ ಹೇಳುವುದಿಲ್ಲ; ಹೇಳಬೇಕು.

ಮಧುಮೇಹಿಗಳಿಗೆ ಇನ್ನೊಂದು ಮಾತು. ಸಕ್ಕರೆ ಇಳಿದಾಗ ಎಚ್ಚರಿಸುವ ಎದೆಬಡಿತ, ನಡುಕವನ್ನು ಬೀಟಾ ಬ್ಲಾಕರ್ ಅಡಗಿಸಿಬಿಡಬಹುದು. ಬೆವರು ಮಾತ್ರ ಉಳಿಯುತ್ತದೆ, ಅದನ್ನು ಬಿಸಿಲಿನ ಬೆವರು ಎಂದುಕೊಳ್ಳುವುದು ಸುಲಭ. ನಡಿಗೆಯ ನಡುವೆ ತಲೆಸುತ್ತು, ಕಣ್ಣು ಕತ್ತಲೆ, ಎದೆನೋವು ಬಂದರೆ ಅಂಕಿ ಎಷ್ಟೇ ಇರಲಿ, ಅಲ್ಲೇ ಕುಳಿತು ಸಹಾಯ ಕೇಳಬೇಕು. ವಾಚಿನ ಗುರಿ ಮುಟ್ಟುವ ಹಟಕ್ಕೆ ಮಾತ್ರೆ ತಪ್ಪಿಸುವವರೂ ಉಂಟು. ಒಮ್ಮೆಲೇ ನಿಲ್ಲಿಸಿದರೆ, ಅಷ್ಟು ದಿನ ತಡೆಹಿಡಿದಿದ್ದ ಅಡ್ರಿನಲಿನ್ನಿಗೆ ಹೃದಯ ಮೊದಲಿಗಿಂತ ಹೆಚ್ಚು ಸ್ಪಂದಿಸಿ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಬಿಡಲೇಬೇಕಾದಾಗ ಡಾಕ್ಟರು ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಪ್ರಮಾಣ ಇಳಿಸಿ ಬಿಡಿಸುತ್ತಾರೆ. ಮಾತ್ರೆ ಬದಲಾದಾಗ, ಪ್ರಮಾಣ ಹೆಚ್ಚುಕಡಿಮೆಯಾದಾಗ ನಾಡಿಯ ಗುರಿಯನ್ನೂ ಅವರೊಡನೆ ಹೊಸದಾಗಿ ಲೆಕ್ಕ ಹಾಕಿಸಿಕೊಳ್ಳಬೇಕಾಗುತ್ತದೆ.