90 ಮೀಟರ್ ಎಸೆದವನೇ ಗೆಲ್ಲಬೇಕೆಂದೇನಿಲ್ಲ

2021ರ ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ಪುರುಷರ ಜಾವೆಲಿನ್ ಚಿನ್ನ ಯಾರಿಗೆಂದು ಕೇಳಿದ್ದರೆ ಬಹುತೇಕರು ಜರ್ಮನಿಯ ಯೊಹಾನೆಸ್ ವೆಟರ್ ಹೆಸರು ಹೇಳುತ್ತಿದ್ದರು. ಆ ವರ್ಷ ಅವರು 96.29 ಮೀಟರ್ ಎಸೆದಿದ್ದರು, 90 ಮೀಟರನ್ನು ಮತ್ತೆ ಮತ್ತೆ ದಾಟಿದ್ದರು. ಫೈನಲ್‌ನಲ್ಲಿ ಅವರ ಶ್ರೇಷ್ಠ ಎಸೆತ 82.52. ಒಂಬತ್ತನೇ ಸ್ಥಾನಕ್ಕಿಳಿದ ಅವರಿಗೆ ಆಗ ಮೊದಲ ಎಂಟು ಮಂದಿಗೆ ಸಿಗುತ್ತಿದ್ದ ಕೊನೆಯ ಮೂರು ಎಸೆತಗಳೂ ದಕ್ಕಲಿಲ್ಲ. ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದರು.

ಪದಕಗಳ ಮೇಲೆ ದರ ಕಟ್ಟುವವರು ಮೊದಲು ನೋಡುವುದೇ ಋತುವಿನ ಶ್ರೇಷ್ಠ ಸಾಧನೆಯ ಪಟ್ಟಿಯನ್ನು. ದರ 2.50 ಎಂದರೆ 100 ರೂಪಾಯಿಗೆ 250 ಕೈಸೇರುತ್ತದೆ, 100ನ್ನು 2.50ರಿಂದ ಭಾಗಿಸಿದರೆ ಗೆಲುವಿನ ಸಂಭವ 40 ಶೇಕಡಾ ಎಂಬ ಅಂದಾಜು ಸಿಗುತ್ತದೆ. ಎಲ್ಲ ಸ್ಪರ್ಧಿಗಳ ಶೇಕಡಾವನ್ನು ಕೂಡಿದರೆ 100ಕ್ಕಿಂತ ಹೆಚ್ಚೇ ಬರುತ್ತದೆ. ಆ ಹೆಚ್ಚುವರಿ ಪಾಲು ದರ ಕಟ್ಟುವವನ ಲಾಭ. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ಆದರೂ ಈ ಲೆಕ್ಕ ಗೊತ್ತಿದ್ದರೆ ಫೈನಲ್ ನೋಡುವ ಕಣ್ಣೇ ಬೇರೆಯಾಗುತ್ತದೆ.

ಋತುವಿನ ಶ್ರೇಷ್ಠ ಎಂಬುದು ಹತ್ತಾರು ಎಸೆತಗಳಲ್ಲಿ ಒಂದು, ಅದೂ ಅತಿ ದೂರದ್ದು. ಗಾಳಿ, ಓಟದ ಪಟ್ಟಿ, ಮನಸ್ಸು ಎಲ್ಲ ಕೂಡಿ ಬಂದ ದಿನದ ಫಲ. ಆ ಆಟಗಾರ ಸಾಧಾರಣ ದಿನದಲ್ಲಿ ಎಷ್ಟು ಎಸೆಯುತ್ತಾನೆ ಎಂಬುದನ್ನು ಅದು ಹೇಳುವುದಿಲ್ಲ. 2024ರ ಫೆಬ್ರವರಿಯಲ್ಲಿ ಜರ್ಮನಿಯ ಯುವಕ ಮ್ಯಾಕ್ಸ್ ಡೇನಿಂಗ್ ಹಾಲೆಯಲ್ಲಿ 90.20 ಎಸೆದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಫೈನಲ್‌ಗೇ ಬರಲಿಲ್ಲ. ಹಾಗಾಗಿ ಅನುಭವಿಗಳು ಒಂದು ಎಸೆತದ ಬದಲು ಆಟಗಾರನ ಕಳೆದ ಐದಾರು ಕೂಟಗಳ ಸಾಧನೆಯನ್ನು ಸಾಲಾಗಿ ಇಟ್ಟು ನೋಡುತ್ತಾರೆ.

ಎರಡನೆಯದು ದೊಡ್ಡ ಕೂಟದ ಆಟ. ಸಾಮಾನ್ಯ ಕೂಟಕ್ಕೂ ಒಲಿಂಪಿಕ್ಸ್‌ಗೂ ದೊಡ್ಡ ವ್ಯತ್ಯಾಸವಿದೆ: ಒಂದು ದಿನ ಅರ್ಹತಾ ಸುತ್ತು, ಆಮೇಲೆ ಫೈನಲ್, ಟೋಕಿಯೊ, ಪ್ಯಾರಿಸ್‌ಗಳಲ್ಲಿ ಮೂರೇ ಎಸೆತಗಳಲ್ಲಿ ಮೊದಲ ಎಂಟರೊಳಗೆ ಬರಬೇಕಿತ್ತು, ಪರಿಚಯವಿಲ್ಲದ ಪಟ್ಟಿಯ ಮೇಲೆ ಓಡಬೇಕು. ವೆಟರ್ ಮುಂಗಾಲನ್ನು ಬಲವಾಗಿ ಊರಿ ಓಟದ ವೇಗವನ್ನೆಲ್ಲ ಒಮ್ಮೆಲೇ ತಡೆದು ಎಸೆಯುವವರು. ಟೋಕಿಯೊದಲ್ಲಿ ಆ ಕಾಲೇ ಜಾರುತ್ತಿತ್ತು. ಆ ಪಟ್ಟಿ ತಮ್ಮ ಶೈಲಿಗೆ ಒಗ್ಗಲಿಲ್ಲವೆಂದು ಅವರೇ ಹೇಳಿದರು.

ಪಾಕಿಸ್ತಾನದ ಅರ್ಷದ್ ನದೀಮ್ ಅವರದು ಇದಕ್ಕೆ ತದ್ವಿರುದ್ಧ ಕತೆ. ಪ್ಯಾರಿಸ್‌ಗೆ ಮೊದಲು ಆ ಋತುವಿನಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು ಡೈಮಂಡ್ ಲೀಗ್‌ನ 84.21, ನಾಲ್ಕನೇ ಸ್ಥಾನ. ಪಟ್ಟಿಯೊಂದನ್ನೇ ನೋಡಿದವರು ಅವರಿಗೆ 5 ಶೇಕಡಾ ಅವಕಾಶ ಕೊಟ್ಟರು ಎಂದಿಟ್ಟುಕೊಳ್ಳಿ, ದರ 20 ಆಗುತ್ತದೆ. ಆದರೆ ಅವರು 2022ರ ಕಾಮನ್‌ವೆಲ್ತ್ ಕೂಟದಲ್ಲಿ 90.18 ಎಸೆದು ಚಿನ್ನ ಗೆದ್ದಿದ್ದರು; 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 87.82 ಎಸೆದು ಬೆಳ್ಳಿ ಪಡೆದಿದ್ದರು. ಇದನ್ನೂ ಸೇರಿಸಿ ಅವಕಾಶವನ್ನು 12 ಶೇಕಡಾ ಎಂದರೆ ದರ 8ರ ಆಸುಪಾಸಿಗೆ ಇಳಿಯುತ್ತದೆ. ಫೈನಲ್‌ನ ಎರಡನೇ ಎಸೆತದಲ್ಲೇ ನದೀಮ್ 92.97 ಮೀಟರ್‌ಗಳ ಒಲಿಂಪಿಕ್ ದಾಖಲೆ ಬರೆದರು.

ಮೂರನೆಯದು ಕಣದ ಸಾಂದ್ರತೆ, ಅಂದರೆ ಪದಕದ ಅಳತೆಯೊಳಗೆ ಎಷ್ಟು ಮಂದಿ ಇದ್ದಾರೆ ಎಂಬುದು. ಮೂರು ಪದಕಗಳಿರುವುದರಿಂದ ಪದಕದ ಸಂಭವಗಳ ಮೊತ್ತ 300 ಶೇಕಡಾ ಆಗಬೇಕು. ಒಬ್ಬರಿಗೆ 80 ಕೊಟ್ಟರೆ ಉಳಿದ 220ನ್ನು ಮಿಕ್ಕವರಿಗೆ ಹಂಚಬೇಕು. ಹತ್ತಿರ ಹತ್ತಿರ ಎಸೆಯುವವರು ಆರೇಳು ಮಂದಿ ಇದ್ದರೆ ಯಾರ ಪದಕವೂ ಖಾತ್ರಿಯಲ್ಲ. ಪ್ಯಾರಿಸ್‌ನಲ್ಲಿ ಆಂಡರ್ಸನ್ ಪೀಟರ್ಸ್ 88.54 ಎಸೆದು ಕಂಚು ಗೆದ್ದರೆ, ಯಾಕುಬ್ ವಾಡ್ಲೆಚ್ 88.50ರೊಂದಿಗೆ ನಾಲ್ಕನೆಯವರಾದರು. ನಾಲ್ಕು ಸೆಂಟಿಮೀಟರ್! ಬೆಳ್ಳಿ ಗೆದ್ದ ನೀರಜ್ ಅವರ ಆರು ಎಸೆತಗಳಲ್ಲಿ ಐದು ಫೌಲ್. ಎಣಿಕೆಗೆ ಬಂದದ್ದು 89.45 ಒಂದೇ. ಅದೂ ಗೆರೆ ದಾಟಿದ್ದರೆ ಪದಕವೇ ಇರುತ್ತಿರಲಿಲ್ಲ. ಫೌಲ್‌ಗಳ ಸರಾಸರಿಯನ್ನೂ ಲೆಕ್ಕಕ್ಕೆ ತರಬೇಕೆನ್ನುವುದು ಅದಕ್ಕೇ.

ಅರ್ಹತಾ ಸುತ್ತು ಮುಗಿದೊಡನೆ ದರಗಳು ಜಿಗಿಯುತ್ತವೆ. ಅಲ್ಲಿ ತಪ್ಪು ಸುಲಭ. ಪ್ಯಾರಿಸ್‌ನಲ್ಲಿ ನೀರಜ್ ಮೊದಲ ಎಸೆತದಲ್ಲೇ 89.34 ಎಸೆದು ಮೇಲಿದ್ದರು, ನದೀಮ್ ಅವರದು 86.59. ಆದರೆ ಆ ಸುತ್ತಿನಲ್ಲಿ 84 ಮೀಟರ್ ದಾಟಿದರೆ ಸಾಕು, ಆಮೇಲೆ ಯಾರೂ ಶಕ್ತಿ ವ್ಯರ್ಥ ಮಾಡುವುದಿಲ್ಲ. ಅಲ್ಲಿನ ದೂರವನ್ನು ಆಟಗಾರ ಆರೋಗ್ಯವಾಗಿದ್ದಾನೆ ಎಂಬುದಕ್ಕೆ ಗುರುತಾಗಿ ನೋಡಬೇಕೇ ಹೊರತು ಫೈನಲ್‌ನ ಮುನ್ಸೂಚನೆಯಾಗಿ ಅಲ್ಲ.

ನದೀಮ್ ಗೆದ್ದರೆಂದು 12 ಶೇಕಡಾ ಎಂಬ ಅಂದಾಜು ತಪ್ಪಾಗಲಿಲ್ಲ, ಸರಿಯೆಂದೂ ಸಾಬೀತಾಗಲಿಲ್ಲ. 12 ಶೇಕಡಾ ಎಂದು ಅಂದಾಜಿಸಿದ ನೂರು ಮಂದಿಯಲ್ಲಿ ಸುಮಾರು ಹನ್ನೆರಡು ಮಂದಿ ಗೆದ್ದಿದ್ದಾರೆಯೇ ಎಂದು ವರ್ಷಗಟ್ಟಲೆ ಹಿಂದಿರುಗಿ ನೋಡಿದಾಗ ಮಾತ್ರ ದರ ಕಟ್ಟುವವನ ಲೆಕ್ಕ ಗಟ್ಟಿಯೋ ಜೊಳ್ಳೋ ಎಂದು ತಿಳಿಯುತ್ತದೆ.